ಗಾಳಿ ಬೆವರು ಕುಡಿಯದ ದಿನ

ದೋರನಹಳ್ಳಿಯ ಹೆಣ್ಣಾಳುಗಳು ನೆಲ್ಲು ಹಚ್ಚಲು ಗದ್ದೆಗೆ ಇಳಿದರೆಂದರೆ ಒಂದು ಹಳೆಯ ಆಟ ತಾನಾಗಿಯೇ ಶುರುವಾಗುತ್ತಿತ್ತು. ಎಲ್ಲರೂ ಸಾಲಾಗಿ ಬಗ್ಗಿ, ಕೈಯಲ್ಲಿನ ಸಸಿಯನ್ನು ಕೆಸರಿಗೆ ಊರುತ್ತ ಊರುತ್ತ ಹಿಂದಕ್ಕೆ ಸರಿಯಬೇಕು. ಯಾರ ಕೈ ನಿಧಾನವಾಯಿತೋ ಅವಳನ್ನು ಅಲ್ಲೇ ಬಿಟ್ಟು, ಅಕ್ಕಪಕ್ಕದವರು ಅವಳ ಬೆನ್ನ ಹಿಂದಿನ ಜಾಗಕ್ಕೂ ಸಸಿ ಹಚ್ಚಿಬಿಡುತ್ತಿದ್ದರು. ಅವಳು ಸೊಂಟ ಎತ್ತಿ ನೋಡುವ ಹೊತ್ತಿಗೆ ಸುತ್ತಲೂ ಹಸಿರು, ನಡುವೆ ಅವಳೊಬ್ಬಳೇ. ಒಂದು ಸಸಿಯನ್ನೂ ತುಳಿಯದೆ, ಸೀರೆ ಎತ್ತಿ ಹಿಡಿದು, ಕೊಕ್ಕರೆಯ ಹಾಗೆ ಕಾಲೆತ್ತಿಡುತ್ತ ಹೊರಗೆ ಬರಬೇಕು. ಉಳಿದವರು ಕೇಕೆ ಹಾಕಿ ನಗುತ್ತಾರೆ. ತುಡುಗು ದನವನ್ನು ಹಿಡಿದು ಕೂಡಿಹಾಕುವ ದೊಡ್ಡಿಯ ಹೆಸರೇ ಈ ಆಟಕ್ಕೂ ಬಂದಿತ್ತು. ‘ದೊಡ್ಡಿ ಹಾಕೋದು’ ಎನ್ನುತ್ತಿದ್ದರು.

ಮೌಲಾಬಿಗೆ ದೊಡ್ಡಿ ಹಾಕಿದವರು ಆ ಊರಲ್ಲಿ ಯಾರೂ ಇರಲಿಲ್ಲ. ಸಣಕಲು ಮೈ, ಮೊಮ್ಮಕ್ಕಳನ್ನು ಕಂಡ ವಯಸ್ಸು, ಆದರೂ ಅವಳ ಬೆರಳುಗಳು ಕೋಳಿ ಕಾಳು ಹೆಕ್ಕಿದಷ್ಟು ಚುರುಕು. ಅವಳ ಎಡಕ್ಕೆ ಯಾವಾಗಲೂ ಮಲ್ಲಾಬಾಯಿ. ಆಳುಗಳ ಗುಂಪಿಗೆ ಮಲ್ಲಾಬಾಯಿಯೇ ಮುಂದಾಳು. ಗುತ್ತಿಗೆ ಮಾತಾಡುವವಳು, ಎದ್ದೇಳಿ ಎನ್ನುವವಳು, ಕೂತುಕೊಳ್ಳಿ ಎನ್ನುವವಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಒಬ್ಬಳ ಮಗು ಅತ್ತರೆ ಇನ್ನೊಬ್ಬಳು ಎದೆಗೆ ಹಾಕಿಕೊಂಡವರು. ಅಂದಿನಿಂದ ಇಂದಿನವರೆಗೆ ಅವರು ಜಗಳವಾಡದ ದಿನ ಕಡಿಮೆ, ಬಿಟ್ಟಿದ್ದ ದಿನ ಇನ್ನೂ ಕಡಿಮೆ.

ಆ ದಿನ ಬಸಲಿಂಗ ಸಾವ್ಕಾರನ ಗದ್ದೆ. ರಾತ್ರಿಯೆಲ್ಲ ಮಳೆ ಹೊಯ್ದು ಬೆಳಿಗ್ಗೆ ಜಿಟಿಜಿಟಿಗೆ ಇಳಿದಿತ್ತು. ಹೆಂಗಸರು ಸೀರೆಯ ಮೇಲೆ ಗಂಡಂದಿರ ಉದ್ದ ತೋಳಿನ ಹಳೆ ಅಂಗಿ ತೊಟ್ಟು, ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಕೊಪ್ಪೆ ಮಾಡಿ ತಲೆಯಿಂದ ಬೆನ್ನ ಮೇಲೆ ಇಳಿಬಿಟ್ಟಿದ್ದರು. ಸಸಿ ಆಗಲೇ ಕಿತ್ತು ಸೂಡು ಕಟ್ಟಿ ಒಗೆದಾಗಿತ್ತು. ಕೆನಾಲಿನ ನೀರಿನ ಸರದಿ ಸಂಜೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಗದ್ದೆ ಹಚ್ಚಿ ಮುಗಿಸಬೇಕೆಂದು ಸಾವ್ಕಾರ ಹಿಂದಿನ ದಿನವೇ ಮಲ್ಲಾಬಾಯಿಯಿಂದ ಮಾತು ತೆಗೆದುಕೊಂಡಿದ್ದ.

ಬಿಸಿಲೇರುವ ಮುಂಚೆ ಮೌಲಾಬಿಯ ಮಗ ನಯೀಮ ಚಹಾದ ಥರ್ಮಾಸು ತೂಗಾಡಿಸುತ್ತ ಒಡ್ಡಿನ ಮೇಲೆ ಬಂದ. ಶಹಾಪುರದ ಹತ್ತಿರದ ಒಂದು ಕೃಷಿ ಫಾರಮ್ಮಿನಲ್ಲಿ ಅವನಿಗೆ ಹವಾಮಾನ ನೋಡುವ ಕೆಲಸ. ಮಳೆ ಅಳೆಯುವುದು, ಗಾಳಿಯ ದಿಕ್ಕು ನೋಡುವುದು, ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಳಗಿನ ಉಷ್ಣಮಾಪಕಗಳನ್ನು ನೋಡಿ ಮೇಲಿನವರಿಗೆ ತಿಳಿಸುವುದು. ಬೆಳಗಿನ ಪಾಳಿ ಮುಗಿಸಿ ಅವನು ಮನೆಗೆ ಹೋಗುವ ದಾರಿಯಲ್ಲಿ ತಾಯಿ ಇದ್ದ ಗದ್ದೆಗೆ ಹಾಯುವುದು ರೂಢಿ.

“ಚಿಗವ್ವಾ,” ಅಂದ ಮಲ್ಲಾಬಾಯಿಗೆ, “ಇವತ್ತು ಮಧ್ಯಾಹ್ನ ಕೆಲಸ ನಿಲ್ಲಿಸಿಬಿಡ್ರಿ. ಗಾಳಿ ಭಾಳ ಕೆಟ್ಟದ.”

“ಗಾಳೀನ ಇಲ್ಲಲ್ಲೋ ಯಪ್ಪಾ, ಕೆಡೋದು ಎಲ್ಲಿಂದ ಬಂತು?”

“ಅದಕ್ಕ ಅಂದೆ. ನಮ್ಮ ಪೆಟಿಗ್ಯಾಗ ಎರಡು ಗಾಜಿನ ನಳಿಗಿ ಅದಾವ್ರಿ. ಒಂದು ಬರಿಮೈಲೆ ಇರ್ತದ. ಇನ್ನೊಂದರ ಬುಡದ ಗುಂಡನ ತುದಿಗೆ ತೆಳ್ಳನ ಮಲ್‌ಮಲ್ ಬಟ್ಟಿ ಉಡಿಸಿ, ಬಟ್ಟಿ ತುದಿ ನೀರಾಗ ಬಿಟ್ಟಿರ್ತೀವಿ. ಬಟ್ಟ್ಯಾಗಿನ ನೀರು ಗಾಳಿಗೆ ಆರಿದಂಗ ಆ ನಳಿಗಿ ತಣ್ಣಗಾಗ್ತದ. ಬ್ಯಾಸಗ್ಯಾಗ ಬರಿಮೈದು ನಲವತ್ತೆರಡು ತೋರಿಸಿದ್ರ ಬಟ್ಟಿ ಉಟ್ಟಿದ್ದು ಇಪ್ಪತ್ತೆರಡಕ್ಕ ನಿಂತಿರ್ತದ. ಇವತ್ತು ಎರಡೂ ಹೆಗಲಿಗೆ ಹೆಗಲು ಕೊಟ್ಟು ಕುಂತಾವು. ಗಾಳಿ ಹೊಟ್ಟಿ ತುಂಬ ನೀರು ಕುಡದು ಕುಂತದ. ಇನ್ನ ನಮ್ಮ ಬೆವರು ಎಲ್ಲಿ ಕುಡೀತದ?”

ಮೌಲಾಬಿ ಬಗ್ಗಿದ್ದಲ್ಲಿಂದಲೇ ನಕ್ಕಳು. “ನೋಡಬೇ ಮಲ್ಲಿ ನನ್ನ ಮಗನ ನೌಕರಿ! ನಳಿಗಿಗೆ ಅಂಗಿ ತೊಡಸ್ತಾನ, ನೀರು ಕುಡಸ್ತಾನ, ಪಗಾರ ತಗೋತಾನ. ತಾಯಿಗೆ ಒಂದು ಸೀರಿ ಉಡಸಂದ್ರ ಮುಂದಿನ ತಿಂಗಳ ಅಂತಾನ.”

“ಅಮ್ಮೀ, ನಗಬ್ಯಾಡ. ಬೆವರು ಸುರದ್ರ ತಂಪಾಗಲ್ಲ, ಆರಿದ್ರ ತಂಪಾಗ್ತದ. ಆ ಪ್ಲಾಸ್ಟಿಕ್ ಚೀಲ ಒಂದು ತಗದು ಒಗಿ.”

“ಮಳಿ ಬಂದ್ರ ನೀ ಛತ್ರಿ ಹಿಡೀತಿಯೇನು?”

ಮಲ್ಲಾಬಾಯಿ ಚಹಾ ಗುಟುಕರಿಸಿ ಲೋಟ ಮರಳಿ ಕೊಟ್ಟಳು. “ನಯೀಮಾ, ಸುಡು ಬ್ಯಾಸಗ್ಯಾಗ ಕೆರಿ ಹೂಳು ಹೊತ್ತ ಮಂದಿ ನಾವು. ಇದು ಮೋಡದ ದಿನ, ಕಾಲ ಬುಡಕ್ಕ ನೀರು. ಇಲ್ಲಿ ಏನಾಗ್ತದ? ಮನಿಗೆ ಹೋಗಿ ಉಂಡು ಮಲಕೋ ಹೋಗು.”

ನಯೀಮ ಇನ್ನೇನೋ ಹೇಳಲು ಬಾಯಿ ತೆರೆದ. ಇಬ್ಬರೂ ತಾಯಂದಿರು ಆಗಲೇ ಸಸಿಯ ಸೂಡು ಬಿಚ್ಚುತ್ತಿದ್ದುದನ್ನು ಕಂಡು, ನಗುತ್ತ ತಲೆಯಾಡಿಸಿ ಹೊರಟ.

ಜಿಟಿಜಿಟಿ ನಿಂತಿತು. ಮೋಡ ಹರಿದು ಸೂರ್ಯ ಹೊರಬಂದಾಗ ಹೆಂಗಸರಿಗೆ ಮೊದಲು ಹಿಗ್ಗೇ ಆಯಿತು. ಸ್ವಲ್ಪ ಹೊತ್ತಿಗೆ ಗದ್ದೆಯ ನೀರಿನಿಂದ ಬಿಸಿ ಉಗಿಯಂಥದೊಂದು ಮೇಲೆದ್ದು ಬಗ್ಗಿದ ಮುಖಗಳಿಗೆ ಬಡಿಯತೊಡಗಿತು, ಅನ್ನದ ಗಡಿಗೆಯ ಮುಚ್ಚಳ ತೆಗೆದಂತೆ. ದೂರದ ಜಾಲಿ ಗಿಡದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಮತ್ತೆ ಮಳೆ ಬಂದೀತೆಂದು ಕೊಪ್ಪೆಯನ್ನು ಯಾರೂ ತೆಗೆಯಲಿಲ್ಲ. ಬಿಸಿಲಿಗೂ ಆಗುತ್ತದೆ, ಮಳೆಗೂ ಆಗುತ್ತದೆ ಎಂಬ ಲೆಕ್ಕ ಅವರದು.

ಮಲ್ಲಾಬಾಯಿಗೆ ಬೆವರಿಳಿಯಿತು. ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ, ಗದ್ದದಿಂದ ಕೆಸರಿಗೆ ಟಪಟಪ ಬಿತ್ತು. ಬೇಸಿಗೆಯ ಕೂಲಿಯಲ್ಲಿ ಬೆವರು ಹೀಗೆ ಬೀಳುವುದಿಲ್ಲ. ಅಲ್ಲಲ್ಲೇ ಆರಿ, ಅಂಗಿಯ ಬೆನ್ನಿನ ಮೇಲೆ ಉಪ್ಪು ಬಿಳಿಯಾಗಿ ಕೂಡುತ್ತದೆ. ಬೇವಿನ ನೆರಳಿಗೆ ಬಂದು ನಿಂತರೆ ಸಾಕು, ಬೆನ್ನಿಗೆ ಯಾರೋ ತಣ್ಣನೆಯ ಕೈ ಇಟ್ಟಂತಾಗುತ್ತದೆ. ಇಂದು ಅಂಗಿ ಹಿಂಡಿದರೆ ನೀರು ಸುರಿಯುವಷ್ಟು ತೊಯ್ದಿತ್ತು, ಮೈ ಮಾತ್ರ ಒಲೆಯ ಮುಂದೆ ಕೂತ ಹಾಗೆ ಇತ್ತು. ಎದೆ ಡವಡವ ಅನ್ನುತ್ತಿತ್ತು. ‘ವಯಸ್ಸಾತು’ ಅಂದುಕೊಂಡಳು. ಆದರೂ ಎಲ್ಲರನ್ನೂ ನೀರಿಗೆ ಕರೆದಳು.

“ಬರ್ರೆಬೇ, ಒಂದೊಂದು ಚೊಂಬು ಕುಡೀರಿ.”

ಎಲ್ಲರೂ ಎದ್ದರು, ಮೌಲಾಬಿ ಏಳಲಿಲ್ಲ.

“ನೀವು ಕುಡೀರಿ. ನಾ ಎದ್ದೆ ಅಂದ್ರ ಈ ಶಾಂತಾದೇವಿ ನನಗ ದೊಡ್ಡಿ ಹಾಕ್ತಾಳ. ಮುಂಜಾನಿಂದ ಕಣ್ಣಿಟ್ಟಾಳ.”

ಶಾಂತಾದೇವಿ ಗುಂಪಿನಲ್ಲೇ ಬಾಯಿ ಜೋರಿನವಳು. “ಹಾಕೇ ಹಾಕ್ತೀನಿ ಯಕ್ಕಾ! ಇವತ್ತು ನಿನ್ನ ಕೈ ಆಮಿ ನಡದಂಗ ನಡದದ.”

ಆ ಮಾತು ಸುಳ್ಳಾಗಿರಲಿಲ್ಲ. ಮೌಲಾಬಿ ಅಂದು ಸಾಲಿನಿಂದ ಹಿಂದುಳಿದಿದ್ದಳು. ಇಷ್ಟು ವರ್ಷಕ್ಕೆ ಸಿಕ್ಕ ಸಂದಿಯನ್ನು ಬಿಡುವವರುಂಟೆ? ನೀರು ಕುಡಿದು ಬಂದ ಶಾಂತಾದೇವಿ ಬಲಗಡೆಯಿಂದ ಹಚ್ಚುತ್ತ ಬಂದಳು, ಎಡಗಡೆಯಿಂದ ನಗು ತಡೆದುಕೊಂಡು ಮಲ್ಲಾಬಾಯಿಯೇ ಹಚ್ಚುತ್ತ ಬಂದಳು. ಇಬ್ಬರ ಕೈ ಮೌಲಾಬಿಯ ಹಿಂದೆ ಕೂಡಿದವು. ದೊಡ್ಡಿ ಬಿತ್ತು. ಸಾಲಿಗೆ ಸಾಲೇ ಕೇಕೆ ಹಾಕಿತು.

“ಏಳಬೇ ಮೌಲಿ! ಕೊಕ್ಕರಿ ನಡಿಗಿ ತೋರಿಸು!”

ಮೌಲಾಬಿ ಬೈಯಲಿಲ್ಲ. ಅದೇ ಮಲ್ಲಾಬಾಯಿಗೆ ಮೊದಲು ಚುಚ್ಚಿದ್ದು. ಹತ್ತಿರ ಹೋಗಿ ನೋಡಿದರೆ ಅವಳು ಇನ್ನೂ ಹಚ್ಚುತ್ತಿದ್ದಳು. ಆದರೆ ಸಸಿಯ ಗರಿಯನ್ನು ಕೆಸರೊಳಗೆ ಊರಿ ಬೇರನ್ನು ಮೇಲೆ ಬಿಟ್ಟಿದ್ದಳು. ಒಂದಲ್ಲ, ಸಾಲು ಪೂರಾ ಹಾಗೇ.

“ಏಯ್, ಏನ್ ಮಾಡಾಕತ್ತೀಬೇ?”

ಮೌಲಾಬಿ ಮುಖ ಎತ್ತಿದಳು. ಕಣ್ಣು ಮಲ್ಲಾಬಾಯಿಯ ಮೇಲಿದ್ದವು, ನೋಟ ಅಲ್ಲಿರಲಿಲ್ಲ. “ಘರ್ ಕು ಆ ರೇ ನಯೀಮ, ಧೂಪ್ ಬಹುತ್ ಹೈ,” ಅಂದಳು. ಮನೆಯಲ್ಲಿ ಮಕ್ಕಳೊಂದಿಗೆ ಆಡುವ ಮಾತು ಅದು. ಮನೆಗೆ ಬಾರೋ, ಬಿಸಿಲು ಬಹಳ ಅದ ಎಂದು ಗೆಳತಿಯನ್ನೇ ಸಣ್ಣ ಮಗುವೆಂದು ಕರೆಯುತ್ತಿದ್ದಳು. ಹಾಗೆ ಅನ್ನುತ್ತಲೇ ಕೆಸರಿನಲ್ಲಿ ಕುಸಿದು ಕೂತಳು.

ದೊಡ್ಡಿಯ ಸಸಿಗಳನ್ನು ತುಳಿದುಕೊಂಡೇ ಎಲ್ಲರೂ ಓಡಿ ಬಂದರು. ಹೊತ್ತು ತಂದು ಒಡ್ಡಿನ ಮೇಲೆ ಮಲಗಿಸಿದರು. ಬಿಸಿಲು ಬೀಳಬಾರದೆಂದು ಕೊಪ್ಪೆಗಳನ್ನೆಲ್ಲ ಸೇರಿಸಿ ಮೇಲೆ ಹಿಡಿದು ಸುತ್ತಲೂ ಒತ್ತಿ ನಿಂತರು. ಶಾಂತಾದೇವಿ ಅವಳ ಕುತ್ತಿಗೆ ಮುಟ್ಟಿ ನೋಡಿ, “ಬೆವರು ಹರಿಯಾಕತ್ತದ, ಅಂಜಬ್ಯಾಡ್ರಿ. ಬೆವರು ಬಂದ್ರ ಜ್ವರ ಬಿಟ್ಟಂಗ. ಕಾವು ಇಳಿಯಾಕತ್ತದ,” ಅಂದಳು.

ಎಲ್ಲರಿಗೂ ಹೌದೆನಿಸಿತು. ಮಲ್ಲಾಬಾಯಿಗೂ ಹೌದೆನಿಸಿತು. ಜ್ವರ ಬಂದ ಎಷ್ಟು ಮಕ್ಕಳಿಗೆ ಕಂಬಳಿ ಹೊದಿಸಿ, ಬೆವರು ಬರುವುದನ್ನೇ ಕಾದು ಕೂತು, ಬಂದ ಮೇಲೆ ‘ಸಾಕಪ್ಪಾ ದೇವರೇ’ ಅಂದಿದ್ದಳೋ. ಅವಳು ತನ್ನ ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿ ಮೌಲಾಬಿಯ ಹಣೆಗೆ ಹಾಕಿದಳು. ಇನ್ನೊಂದು ಅರಿವೆ ಎದೆಗೆ. ಬೇಸಿಗೆಯಲ್ಲಾದರೆ ಹೀಗೆ ಹಾಕಿದ ಅರಿವೆ ಗಾಳಿ ತಾಗಿದ ಕೂಡಲೇ ಮಂಜಾಗುತ್ತದೆ. ಇಂದು ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದರೆ ಅರಿವೆ ಬಿಸಿ ರೊಟ್ಟಿ ಸುತ್ತಿಟ್ಟ ಬಟ್ಟೆಯ ಹಾಗಿತ್ತು. ಮತ್ತೆ ಅದ್ದಿ ಹಾಕಿದಳು. ಮತ್ತೆ ಹಾಗೇ. ಅರಿವೆ ಹಸಿಯಾಗಿಯೇ ಇತ್ತು, ಆರುತ್ತಲೇ ಇರಲಿಲ್ಲ.

ಮೌಲಾಬಿಯ ಬೆವರೂ ಅದೇ ರೀತಿ, ಆರದೆ ಹರಿಯುತ್ತಿತ್ತು. ಕಂಕುಳಿಗೆ ಕೈ ಹಾಕಿದರೆ ಸುಡುತ್ತಿತ್ತು. ಆಗ ಬೆಳಗಿನ ಮಾತು ಮಲ್ಲಾಬಾಯಿಯ ತಲೆಯೊಳಗೆ ಬಿಚ್ಚಿಕೊಂಡಿತು. ಬಟ್ಟೆ ಉಟ್ಟ ನಳಿಗೆ. ಗಾಳಿ ಕುಡಿಯದ ಬೆವರು.

“ಕಾವು ಇಳೀವಲ್ದು,” ಅಂದಳು. “ಬೆವರು ಬರೀ ಸುರ್ಯಾಕತ್ತದ, ಆರವಲ್ದು. ಸರೀರಿ, ಸುತ್ತ ನಿಂತು ಬಿಸಿ ಉಸಿರು ಬಿಡಬ್ಯಾಡ್ರಿ. ಇಕಿನ್ನ ಕೆನಾಲಿಗೆ ಹಾಕೋಣ.”

“ಯಕ್ಕಾ, ನಿನಗೇನು ಹುಚ್ಚೇನು?” ಶಾಂತಾದೇವಿ ಕೈ ಅಡ್ಡ ಹಿಡಿದಳು. “ಸುಡೋ ಮೈಗೆ ತಣ್ಣೀರು ಹಾಕಿದ್ರ ಲಕ್ವಾ ಹೊಡದು ಕೈಕಾಲು ಬೀಳ್ತಾವ. ಬಾಯಾಗ ಇಷ್ಟು ಲಿಂಬಿ ನೀರು ಹಾಕು, ಎದ್ದು ಕುಂದರ್ತಾಳ.”

“ಮಾತು ತಿಳೀವಲ್ದು ಇಕಿಗೆ, ಬಾಯಾಗ ನೀರು ಹಾಕಿದ್ರ ಎದಿಗೆ ಇಳೀತದ. ಬ್ಯಾಡ.”

“ಹೆಚ್ಚುಕಡಿಮಿ ಆದ್ರ? ಆ ನಯೀಮಗ ಏನು ಮಾರಿ ತೋರಸ್ತಿ?”

ಲಕ್ವಾದ ಮಾತು ಮಲ್ಲಾಬಾಯಿಯೂ ಹುಟ್ಟಿದಾಗಿನಿಂದ ಕೇಳಿದ್ದೇ. ನೀರಿಗೆ ಹಾಕಿ ಮೌಲಾಬಿ ಸತ್ತರೆ ಕೊಂದವಳು ತಾನೇ. ಹಾಕದೆ ಸತ್ತರೂ ಕೊಂದವಳು ತಾನೇ. ಕೆಲಸ ನಿಲ್ಲಿಸಿರೆಂದು ಹೇಳಿದ ಹುಡುಗನನ್ನು ಮನೆಗೆ ಅಟ್ಟಿದವಳು ಅವಳಲ್ಲವೆ? ಗಾಳಿ ತೆಗೆದುಕೊಳ್ಳದ ಕಾವನ್ನು ನೀರಾದರೂ ತೆಗೆದುಕೊಂಡೀತು. ಅಷ್ಟು ಅವಳ ಬುದ್ಧಿಗೆ ಹೊಳೆಯಿತು. ಅದಕ್ಕಿಂತ ಹೆಚ್ಚು ಯೋಚಿಸಲು ಹೋಗಲಿಲ್ಲ.

“ಸಾವ್ಕಾರ್ರ!” ಗದ್ದೆಯ ಆಚೆ ಬದಿಯಲ್ಲಿ ನೀರು ತಿರುವುತ್ತಿದ್ದ ಬಸಲಿಂಗನಿಗೆ ಕೂಗಿದಳು. “ನೂರಾ ಎಂಟಕ್ಕ ಫೋನ್ ಹಚ್ಚಿ ದವಾಖಾನಿ ಗಾಡಿ ಕರೀರಿ, ರಸ್ತಾಕ್ಕ ಹೋಗಿ ನಿಂದರ್ರಿ. ಈ ಕಡಿ ಮಾರಿ ಮಾಡಬ್ಯಾಡ್ರಿ.”

ಬಸಲಿಂಗ ಫೋನು ಕಿವಿಗಿಟ್ಟುಕೊಂಡು ಓಡಿದ. ಮಲ್ಲಾಬಾಯಿ ಮೌಲಾಬಿಯ ಕೊಪ್ಪೆ ಕಿತ್ತು ಒಗೆದಳು. ಉದ್ದ ತೋಳಿನ ಅಂಗಿಯ ಗುಂಡಿ ಬಿಚ್ಚಿದಳು. ತಲೆಯ ಮೇಲಿನ ಸೆರಗು ತೆಗೆಯುವಾಗ ಒಂದು ಚಣ ಕೈ ತಡೆಯಿತು. ಹೊರಗೆ ಎಂದೂ ತಲೆಸೆರಗು ಜಾರಗೊಡದವಳು ಮೌಲಾಬಿ. “ನೀ ಎದ್ದ ಮ್ಯಾಲೆ ಬೈಯಂತಿ ತಾಯೀ,” ಎಂದು ಅದನ್ನೂ ತೆಗೆದಳು. ನಾಲ್ಕೈದು ಮಂದಿ ಎತ್ತಿಕೊಂಡು ಒಡ್ಡಿನ ಪಕ್ಕದ ಕಿರುಗಾಲುವೆಗೆ ಇಳಿದರು. ಉಳಿದವರು ದಂಡೆಯ ಮೇಲೆ ತಮ್ಮ ಸೆರಗುಗಳನ್ನು ಪರದೆಯಂತೆ ಹಿಡಿದು ನಿಂತರು. ಅಡ್ಡಗಾಲು ಹಾಕಿದ್ದ ಶಾಂತಾದೇವಿಯೇ ಈಗ ಮೌಲಾಬಿಯ ಎರಡೂ ಪಾದ ಹಿಡಿದಿದ್ದಳು.

ಗದ್ದೆಯಲ್ಲಿ ನಿಂತ ನೀರು ಬಿಸಿಲಿಗೆ ಕಾದಿತ್ತು. ಕಾಲುವೆಯದು ದೂರದಿಂದ ಹರಿದು ಬರುವ ನೀರು, ಕಾಲಿಟ್ಟರೆ ತಣ್ಣಗೆ. ಮಲ್ಲಾಬಾಯಿ ನಡು ನೀರಿನಲ್ಲಿ ಕೂತು ಮೌಲಾಬಿಯನ್ನು ಎದೆಗಾನಿಸಿಕೊಂಡಳು. ಕುತ್ತಿಗೆಯವರೆಗೆ ನೀರು, ತಲೆ ತನ್ನ ಹೆಗಲ ಮೇಲೆ. ಬೊಗಸೆ ಬೊಗಸೆಯಾಗಿ ನೆತ್ತಿಗೆ ಹೊಯ್ದಳು. ತಾಗಿದ ನೀರು ಬಿಸಿಯಾಗುವ ಮೊದಲೇ ಹರಿದು ಹೋಗುತ್ತಿತ್ತು, ಹೊಸ ನೀರು ಬರುತ್ತಿತ್ತು.

“ಮೌಲೀ, ಏ ಮೌಲೀ. ದೊಡ್ಡಿ ಹಾಕಿದವಳು ನಾನಽ ಬೇ. ಎದ್ದು ಎರಡು ಬೈದುಬಿಡು. ನಿನ್ನ ಬೈಗುಳ ಇಲ್ಲದ ನನಗ ಉಂಡದ್ದು ಇಳೀತದೇನು? ಹಾಂ? ನನ್ನ ಹಿರೇಮಗನ ಮದುವ್ಯಾಗ ಪಾಯಸಕ್ಕ ಉಪ್ಪು ಹಾಕಿದ್ದೆ ನೀ, ನಾ ಯಾರಿಗೂ ಹೇಳಿಲ್ಲ. ಈಗ ಹೇಳ್ತೀನಿ ನೋಡು.”

ಪರದೆ ಹಿಡಿದವರಲ್ಲಿ ಯಾರೋ ಬಿಕ್ಕಿದರು, ಯಾರೋ ನಕ್ಕರು. ಮಲ್ಲಾಬಾಯಿ ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಏನೋ ಕಡಿದುಹೋದೀತೆಂಬ ಭಯ. ಹೇಳಿದ್ದನ್ನೇ ಹೇಳಿದಳು, ಸುಳ್ಳು ಹೇಳಿದಳು, ಬೈದಳು, ಮುದ್ದಿಸಿದಳು. ಎಷ್ಟು ಹೊತ್ತೋ ಏನೋ, ಹೆಗಲ ಮೇಲಿನ ತಲೆಯ ಬಿಸಿ ಇಳಿದಂತೆ ತೋರಿತು. ಕಂಕುಳಲ್ಲಿ ಕೈಯಿಟ್ಟಳು. ಕಾವಿತ್ತು, ಮೊದಲಿನಷ್ಟು ಸುಡುತ್ತಿರಲಿಲ್ಲ. ಮೌಲಾಬಿಯ ತುಟಿ ಅಲುಗಿತು.

“ಉಪ್ಪು ಹಾಕಿದ್ದು ನೀ,” ಅಂದಳು, ಕನ್ನಡದಲ್ಲಿ, ಕಣ್ಣು ತೆರೆಯದೆ.

ಮಲ್ಲಾಬಾಯಿ ಅವಳ ಒದ್ದೆ ನೆತ್ತಿಗೆ ಗಲ್ಲ ಒತ್ತಿದಳು. “ಹೌದಽ ಯವ್ವಾ, ನಾನಽ ಹಾಕಿದ್ದೆ.”

ಶಹಾಪುರದ ದವಾಖಾನೆಯಲ್ಲಿ ಡಾಕ್ಟರಮ್ಮ ನಾಡಿ ನೋಡಿ, ಸಲಾಯಿನ್ ಹಚ್ಚಿಸಿ, ಫ್ಯಾನು ಮೈಮೇಲೆ ಬೀಳುವಂತೆ ತಿರುಗಿಸಿದರು. “ಯಾರಮ್ಮಾ ನೀರಾಗ ಹಾಕಿದವರು?” ಎಂದು ಕೇಳಿದಾಗ ಮಲ್ಲಾಬಾಯಿ ಗೋಡೆಗೆ ಅಂಟಿ ನಿಂತಳು, ಬೈಗುಳ ಬಿತ್ತೆಂದು. “ಛಲೋ ಮಾಡೀರಿ. ಕಾವು ಜಲ್ದಿ ಇಳಿದಿದ್ದಕ್ಕ ಉಳದಾರ. ಲಕ್ವಾ ಗಿಕ್ವಾ ಏನೂ ಹೊಡಿಯಲ್ಲ. ಆದ್ರ ಕಿಡ್ನಿ ನೋಡಬೇಕು, ಎರಡು ದಿನ ಇಲ್ಲೇ ಇರಲಿ.”

ಮಧ್ಯಾಹ್ನದ ನಳಿಗೆ ನೋಡಲು ಮತ್ತೆ ಫಾರಮ್ಮಿಗೆ ಹೋಗಿದ್ದ ನಯೀಮ ಅಲ್ಲಿಂದ ನೆಟ್ಟಗೆ ದವಾಖಾನೆಗೇ ಬಂದ. ತಾಯಿ ನಿದ್ದೆಯಲ್ಲಿದ್ದಳು. ಅವನು ಹಾಸಿಗೆಯ ಅಂಚಿಗೆ ಕೂತು ಅವಳ ಅಂಗಾಲು ಉಜ್ಜಿದ. ಮಲ್ಲಾಬಾಯಿ ಕೇಳಿದಳು, “ಮಧ್ಯಾಹ್ನ ನಿನ್ನ ನಳಿಗಿ ಎಷ್ಟು ಹೇಳಿದ್ವು?”

“ಬರಿಮೈದು ಮೂವತ್ತೈದು ಚಿಗವ್ವ. ಬಟ್ಟಿ ಉಟ್ಟಿದ್ದು ಇಪ್ಪತ್ತೊಂಬತ್ತು.”

“ಮೂವತ್ತೈದಽ? ಅದಕ್ಕಿಂತ ಹೆಚ್ಚಿನ ಬಿಸಲಾಗ ಊರ ಮದುವಿಗೆಲ್ಲ ನಡಕೊಂತ ಹೋಗ್ಯಾಳ ಇಕಿ.”

“ಅದು ಒಣ ಬಿಸಲು. ಅಲ್ಲಿ ಬೆವರು ಆರ್ತಿತ್ತು. ಇಲ್ಲಿ ಪೆಟಿಗ್ಯಾಗ ಇಪ್ಪತ್ತೊಂಬತ್ತು ಅಂದ್ರ ಬಿಸಲಾಗ, ನೀರು ನಿಂತ ಗದ್ದ್ಯಾಗ ಇನ್ನೂ ಹೆಚ್ಚು. ಮ್ಯಾಲೆ ಬಗ್ಗಿ ದುಡಿಯೋ ಮೈ ಒಳಗಿಂದ ಬ್ಯಾರೆ ಕಾವು ಹುಟ್ಟಸ್ತದ. ಅದರ ಮ್ಯಾಲೆ ಪ್ಲಾಸ್ಟಿಕ್.” ಅವನು ಅಂಗಾಲು ಉಜ್ಜುವುದನ್ನು ನಿಲ್ಲಿಸಿದ. “ನಾನೂ ಮುಂಜಾನಿ ಇನ್ನೂ ಜೋರಲೆ ಹೇಳಬೇಕಾಗಿತ್ತು. ನಕ್ಕೊಂತ ಹೋಗಿಬಿಟ್ಟೆ.”

“ನೀ ಹೇಳಿದ್ದಿ ಮಗನ. ಕೇಳಿಲ್ಲ ನಾವು.” ಮಲ್ಲಾಬಾಯಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

ಅರ್ಧ ಉಳಿದ ಗದ್ದೆಗೆ ಬಸಲಿಂಗ ಓಡಾಡಿ ಇನ್ನೊಬ್ಬರ ನೀರಿನ ಸರದಿಯನ್ನು ಅದಲುಬದಲು ಮಾಡಿಸಿಕೊಂಡ. ಮಾರನೆಯ ದಿನ ಅವನು ಆಳು ಕೇಳಲು ಬಂದಾಗ ಮಲ್ಲಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

“ಬರ್ತೀವಿ ಸಾವ್ಕಾರ್ರ. ಆದ್ರ ನಸಿಕಿನ್ಯಾಗ ಇಳೀತೀವಿ, ಬಿಸಲು ನೆತ್ತಿಗೆ ಬರೋದ್ರಾಗ ಮ್ಯಾಲೆ ಏರ್ತೀವಿ. ಸಂಜಿಗೆ ತಂಪಾದ್ರ ಮತ್ತ ಇಳೀತೀವಿ. ನಡುನಡುವ ಗಿಡದ ಬುಡಕ ಕುಂದರ್ತೀವಿ.”

“ಹಿಂಗಾದ್ರ ಒಂದು ದಿನದ್ದು ಎರಡು ದಿನ ಆಗ್ತದಲ್ಲವ್ವ.”

“ಆಗ್ಲಿರಿ. ಅವಸರ ಇದ್ರ ನೀವೂ ಒಂದು ಸೂಡು ಹಿಡಕೊಂಡು ಸಾಲಿಗೆ ಬರ್ರಿ. ಶಾಂತಾದೇವಿ ಬಾಜೂಕ ಜಾಗ ಕೊಡಸ್ತೀನಿ.”

ಆ ದಿನ ಬಸಲಿಂಗ ಕಾಲುವೆಯ ಕಡೆ ಬೆನ್ನು ಮಾಡಿ ರಸ್ತೆಯಲ್ಲಿ ನಿಂತು ನೂರಾ ಎಂಟರ ಗಾಡಿಗಾಗಿ ಕಾದವನು. ಮೀಸೆಯ ಮರೆಯಲ್ಲಿ ನಕ್ಕು, “ಬ್ಯಾಡ ಬ್ಯಾಡ, ಅಕಿ ನನಗೂ ದೊಡ್ಡಿ ಹಾಕಿಬಿಟ್ಟಾಳ,” ಎಂದು ಒಪ್ಪಿಕೊಂಡು ಹೋದ.

ಮೌಲಾಬಿ ಮನೆಗೆ ಬಂದ ಸಂಜೆ ಮಲ್ಲಾಬಾಯಿ ಮಜ್ಜಿಗೆಯ ತಂಬಿಗೆ ಹಿಡಿದು ಹೋದಳು. ಮೌಲಾಬಿ ಹೊರಸಿನ ಮೇಲೆ ದಿಂಬಿಗೆ ಒರಗಿದ್ದಳು. ಮುಖ ಇನ್ನೂ ಸೋತಿತ್ತು, ಬಾಯಿ ಸೋತಿರಲಿಲ್ಲ.

“ಬಂದಿಯೇನು? ಊರ ಹೆಂಗಸರ ಮುಂದ ನನ್ನ ತಲಿ ಬರಿದು ಮಾಡಿದಾಕಿ!”

“ಮಾಡ್ದೆ. ಏನೀಗ?”

“ಅಂಗಿ ಎಲ್ಲಿ ಒಗದಿ? ಅದು ನಯೀಮನ ಅಪ್ಪಂದು.”

“ಒಗದು ಒಣಗಿಸಿ ಇಟ್ಟೀನಿ. ಒಣಗಾಕ ಎರಡು ದಿನ ತಗೊಂಡದ ನೋಡು, ಇಂಥಾ ಹವಾ.”

ಮೌಲಾಬಿ ಮಜ್ಜಿಗೆ ಕುಡಿದಳು. ತಿಂಗಳೊಪ್ಪತ್ತು ಗದ್ದೆಗೆ ಇಳಿಯಬಾರದೆಂದು ಡಾಕ್ಟರಮ್ಮ ಹೇಳಿದ್ದನ್ನು, ಅದು ತನಗಲ್ಲ ಬೇರೆ ಯಾರಿಗೋ ಹೇಳಿದ್ದೆಂಬ ಹಾಗೆ ಹೇಳಿದಳು. ಆಮೇಲೆ ತಂಬಿಗೆಯ ಅಂಚನ್ನು ಬೆರಳಿನಿಂದ ತಿಕ್ಕುತ್ತ ಕೇಳಿದಳು.

“ಸಾಲಿನ್ಯಾಗ ನನ್ನ ಜಾಗಕ್ಕ ಯಾರನ್ನ ನಿಲ್ಲಿಸೀದಿ?”

“ಯಾರನ್ನೂ ಇಲ್ಲ.”

“ಮತ್ತ ಆ ಜಾಗ ಯಾರು ಹಚ್ಚತಾರ?”

“ನನ್ನ ಜಾಗ, ನಿನ್ನ ಜಾಗ ಎರಡೂ ನಾನಽ ಹಚ್ಚತೀನಿ. ಭಾಳ ನಿಧಾನ ಆಗ್ತದ.”

“ಆಗ್ಲಿ,” ಅಂದಳು ಮೌಲಾಬಿ. ಕಾಲು ಮಡಚಿಕೊಂಡು, ಹೊರಸಿನ ಮೇಲೆ ಗೆಳತಿ ಕೂರುವಷ್ಟು ಜಾಗ ಬಿಟ್ಟಳು. “ನಿಧಾನ ಹಚ್ಚು.”